ಶನಿವಾರ ಒಂಬತ್ತೂವರೆಗೆ ಆಟಕ್ಕೆ ಬಾ

ಮೈಸೂರಿನ ಹುಡುಗಿ, ಮ್ಯೂನಿಕ್‌ನಲ್ಲಿ ಓದುವ ಹುಡುಗ. ದಿನವೂ ಫೋನಿನಲ್ಲಿ ‘ಊಟ ಆಯ್ತಾ’ ಎಂದ ಮೇಲೆ ಮಾತು ಮುಗಿಯುತ್ತದೆ. ಇಂಥ ಜೋಡಿಗೆ ವಾರಕ್ಕೊಂದು ಆಟ ಒಗ್ಗುತ್ತದೆ. ಆದರೆ ‘ಯಾವಾಗಾದ್ರೂ ಆಡೋಣ’ ಎಂದರೆ ಅದು ನಡೆಯುವುದಿಲ್ಲ. ಮೆಸೇಜು ಹೀಗಿರಲಿ:

‘ಶನಿವಾರ ರಾತ್ರಿ ಒಂಬತ್ತೂವರೆಗೆ ಫ್ರೀ ಇರ್ತೀಯೇನೋ? ನಿಂಗೆ ಆಗ ಸಂಜೆ ಆರು. ಅರ್ಧ ಗಂಟೆ skribbl.io ಆಡೋಣ. ಒಬ್ರು ಚಿತ್ರ ಬಿಡಿಸೋದು, ಇನ್ನೊಬ್ರು ಏನಂತ ಟೈಪ್ ಮಾಡೋದು, ಅಷ್ಟೇ. ಲಿಂಕ್ ನಾನೇ ಕಳಿಸ್ತೀನಿ. ಆಗಲ್ಲ ಅಂದ್ರೆ ಮಧ್ಯಾಹ್ನದೊಳಗೆ ಹೇಳ್ಬಿಡು, ಭಾನುವಾರ ಆಡೋಣ.’

ದಿನ, ಎರಡೂ ಊರಿನ ಹೊತ್ತು, ಆಟದ ನಿಯಮ, ತಪ್ಪಿದರೆ ಏನು ಎಂಬುದೆಲ್ಲ ಇದರಲ್ಲಿದೆ. ಒಪ್ಪಿಕೊಳ್ಳುವವರು ‘ಹೂಂ’ ಎಂದರೆ ಸಾಕು. ಅಕ್ಟೋಬರ್ ಕೊನೆಯ ಭಾನುವಾರ ಜರ್ಮನಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ; ಆಮೇಲೆ ಇಲ್ಲಿನ ಒಂಬತ್ತೂವರೆ ಅಲ್ಲಿ ಐದು ಗಂಟೆ.

ಈ ಆಟದಲ್ಲಿ ಖಾಸಗಿ ಕೋಣೆ ತೆರೆದು ನಮ್ಮದೇ ಪದಗಳನ್ನು ಅಲ್ಪವಿರಾಮ ಹಾಕಿ ಸೇರಿಸಬಹುದು: ಒರಳುಕಲ್ಲು, ಮೊರ, ದಸರಾ ಆನೆ. ಎಡವಟ್ಟಾಗುವುದು ಕಾಗುಣಿತದಲ್ಲಿ. ಪಟ್ಟಿಯಲ್ಲಿ dose ಇದ್ದು, ಅತ್ತ ಕಡೆಯವರು dosa ಎಂದು ಬರೆದರೆ ಉತ್ತರ ಸರಿ ಎನಿಸಿಕೊಳ್ಳುವುದಿಲ್ಲ. ಹಾಗಾಗಿ ಕನ್ನಡ ಲಿಪಿಯೋ ಇಂಗ್ಲಿಷ್ ಅಕ್ಷರವೋ ಎಂದು ಮೊದಲೇ ಮಾತಾಡಿಕೊಳ್ಳಿ. ಪದಗಳನ್ನು ಒಬ್ಬರೇ ಬರೆದರೆ ಅವರಿಗೆ ಎಲ್ಲ ಗೊತ್ತಿರುತ್ತದೆ. ಅರ್ಧರ್ಧ ಹಂಚಿಕೊಂಡು ಮೂರನೆಯ ಗೆಳೆಯರೊಬ್ಬರಿಂದ ಒಂದಷ್ಟು ತರಿಸಿಕೊಂಡರೆ ಆಟ ಸಪ್ಪೆಯಾಗುವುದಿಲ್ಲ.