ವಾರ್ಡಿನಲ್ಲಿ ಕಂಡದ್ದನ್ನೇ ಬರೆಯಿರಿ

ನರ್ಸಿಂಗ್ ವಿದ್ಯಾರ್ಥಿನಿಯ ಸ್ಕಾಲರ್‌ಶಿಪ್ ಅರ್ಜಿಯ ಜೊತೆ ಅಂಕಪಟ್ಟಿ ಹೇಗೂ ಇರುತ್ತದೆ. ಅದರಲ್ಲಿ ಇಲ್ಲದ್ದನ್ನು ಹೇಳಬಲ್ಲವರು ವಾರ್ಡಿನಲ್ಲಿ ಅವಳ ಕೆಲಸ ನೋಡಿದ ಕ್ಲಿನಿಕಲ್ ಇನ್‌ಸ್ಟ್ರಕ್ಟರ್. ಆದರೂ ಎಷ್ಟೋ ಶಿಫಾರಸು ಪತ್ರಗಳು ‘ಶ್ರದ್ಧಾವಂತೆ, ವಿನಯಶೀಲೆ’ ಎಂಬಲ್ಲಿಗೇ ಮುಗಿಯುತ್ತವೆ. ಹೆಸರು ಬದಲಿಸಿದರೆ ಯಾರಿಗಾದರೂ ಸಲ್ಲುತ್ತವೆ.

ಬದಲಿಗೆ ಹೀಗೆ ಬರೆದರೆ? ‘ಮೆಡಿಕಲ್ ವಾರ್ಡಿನಲ್ಲಿ ಆರು ವಾರ ಈಕೆ ನನ್ನ ಮೇಲ್ವಿಚಾರಣೆಯಲ್ಲಿದ್ದಳು. ಹೃದ್ರೋಗಿಯೊಬ್ಬರಿಗೆ ಡಿಗಾಕ್ಸಿನ್ ಮಾತ್ರೆ ಕೊಡುವ ಮುನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಿದಳು. 52 ಬಂತು. ಮಾತ್ರೆ ತಡೆದು, ನನಗೂ ಸ್ಟಾಫ್ ನರ್ಸ್‌ಗೂ ತಿಳಿಸಿ, ಚಾರ್ಟಿನಲ್ಲಿ ದಾಖಲಿಸಿದಳು.’ ಈ ಔಷಧ ಬಡಿತವನ್ನು ನಿಧಾನಗೊಳಿಸುತ್ತದೆ. ಹಾಗಾಗಿ ವಯಸ್ಕರಲ್ಲಿ ಅದು 60ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಮಾತ್ರೆ ತಡೆದು ವೈದ್ಯರನ್ನು ಕೇಳುತ್ತಾರೆ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವುದು ಸುಲಭವಿತ್ತು, ಬಡಿತ ಏರುಪೇರಾಗಿದ್ದರೆ ಆ ಲೆಕ್ಕ ತಪ್ಪುತ್ತದೆ. ನರ್ಸಿಂಗ್ ಗೊತ್ತಿಲ್ಲದ ಸಮಿತಿಯವರಿಗೆ ಈ ಕಾರಣವನ್ನೂ ಪತ್ರದಲ್ಲೇ ಒಂದು ಸಾಲಿನಲ್ಲಿ ತಿಳಿಸಬೇಕು.

ರೋಗಿಯ ಹೆಸರು, ಹಾಸಿಗೆ ಸಂಖ್ಯೆ ಬೇಡ. ಮನೆಯ ಕಷ್ಟವನ್ನು ವಿದ್ಯಾರ್ಥಿನಿ ಒಪ್ಪಿದರಷ್ಟೇ ಬರೆಯಬೇಕು. ಪತ್ರ ಬೇಕಾದವರು ಕೊನೆಯ ದಿನಾಂಕಕ್ಕೆ ಎರಡು ವಾರ ಮೊದಲೇ ಕೇಳಿ. ನಿಮ್ಮ ಪೋಸ್ಟಿಂಗ್ ತಾರೀಖುಗಳನ್ನೂ ಜೊತೆಗೆ ಕೊಡಿ.