ಉರಿಯುವ ಅಕ್ಷರವನ್ನು ಚಿತ್ರದಲ್ಲಿ ಬದಲಿಸುವ ಬಗೆ

ಹಿಂದೂಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪರಿಚಿತರೊಬ್ಬರು ಕಲ್ಯಾಣದುರ್ಗದಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಹಳೆಯ ಅಂಗಡಿಯ ಮುಂದೆ ಊರಿನ ಹೆಸರು ಕೆಂಪು ನಿಯಾನ್ ಕೊಳವೆಯಲ್ಲಿ, ತೆಲುಗು ಲಿಪಿಯಲ್ಲಿ ಉರಿಯುತ್ತದೆ. ಹೊಸ ಅಂಗಡಿಗೆ ‘ಕಲ್ಯಾಣದುರ್ಗ’ ಎಂದು ಕನ್ನಡದಲ್ಲಿ ಬರೆಸಬೇಕೆಂಬುದು ಅವರ ಆಸೆ. ಗಾಜಿನ ಕೊಳವೆಯನ್ನು ಕಾಯಿಸಿ ಬಾಗಿಸಿ ಅನಿಲ ತುಂಬಿದ ಮೇಲೆ ಅಕ್ಷರ ತಿದ್ದುವಂತಿಲ್ಲ. ಆದ್ದರಿಂದ ಹಣ ಕೊಡುವ ಮೊದಲು ಹಳೆಯ ಫಲಕದ ಛಾಯಾಚಿತ್ರದಲ್ಲಿಯೇ ಹೆಸರು ಬದಲಿಸಿ ನೋಡಬೇಕಾಯಿತು.

ಹಳೆಯ ಅಕ್ಷರ ಅಳಿಸಿ ಹೊಸದನ್ನು ಕೆಂಪಿನಲ್ಲಿ ಬರೆದರೆ ಸಾಲದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಾಗೆ ಮಾಡಿದರೆ ಅದು ಗೋಡೆಗೆ ಅಂಟಿಸಿದ ಬಣ್ಣದ ಕಾಗದದಂತೆ ಕಾಣುತ್ತದೆ. ಏಕೆಂದರೆ ಇಂಥ ಚಿತ್ರದಲ್ಲಿ ಮೂರು ಬಗೆಯ ಬೆಳಕು ಒಂದರ ಮೇಲೊಂದು ಕೂಡಿಕೊಂಡಿರುತ್ತದೆ.

ಮೊದಲನೆಯದು ಕೊಳವೆಯೇ. ಅದು ಕೆಂಪಾಗಿದ್ದರೂ ಚಿತ್ರದಲ್ಲಿ ಅದರ ನಡುಭಾಗ ಬಹುಮಟ್ಟಿಗೆ ಬಿಳಿಯಾಗಿರುತ್ತದೆ. ಕ್ಯಾಮೆರಾ ಅಳೆಯಬಲ್ಲ ಮಿತಿಯನ್ನು ಆ ಬೆಳಕು ಮೀರಿರುತ್ತದೆ. ಎರಡನೆಯದು ಕ್ಯಾಮೆರಾದ ಮಸೂರದೊಳಗೆ ಚದುರಿ ಅಕ್ಷರದ ಸುತ್ತ ಹಬ್ಬುವ ಪ್ರಭೆ. ಮೂರನೆಯದು ನಿಜವಾಗಿಯೇ ಗೋಡೆಯ ಮೇಲೆ, ಬಾಗಿಲ ಮೇಲೆ, ರಸ್ತೆಯ ಮೇಲೆ ಚೆಲ್ಲಿದ ಬೆಳಕು. ಎರಡನೆಯದನ್ನೂ ಮೂರನೆಯದನ್ನೂ ಬೇರೆ ಬೇರೆಯಾಗಿ ಗುರುತಿಸುವುದೇ ಈ ಕೆಲಸದ ಕೀಲಿಕೈ. ಫಲಕದ ಮೇಲಿನ ಕಪ್ಪು ಆಕಾಶವನ್ನು ನೋಡಿರಿ. ಮಂಜಿಲ್ಲದ ರಾತ್ರಿಯಲ್ಲಿಯೂ ಅಲ್ಲಿ ಕೆಂಪು ಕಂಡರೆ ಅದು ಮಸೂರದ ಪ್ರಭೆ. ಆಕಾಶಕ್ಕೆ ಬೆಳಕನ್ನು ಹಿಂತಿರುಗಿಸುವ ಮೈಯಿಲ್ಲ. ಚೆಲ್ಲಿದ ಬೆಳಕಾದರೋ ಬಿದ್ದ ವಸ್ತುವಿನ ಬಣ್ಣಕ್ಕೆ ಅಧೀನ. ಸುಣ್ಣದ ಗೋಡೆಯ ಮೇಲೆ ಕೆಂಪಗೆ ಹೊಳೆಯುವ ಅದೇ ಬೆಳಕು ಹಸಿರು ಬಾಗಿಲ ಮೇಲೆ ಮಂಕಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕದಲದಂತೆ ನಿಲ್ಲಿಸಿ ಫಲಕ ಉರಿಯುವಾಗ ಒಂದು, ಅದನ್ನು ಆರಿಸಿ ಒಂದು, ಹೀಗೆ ಎರಡು ಚಿತ್ರ ತೆಗೆದುಕೊಂಡೆವು. ಆರಿದ ಚಿತ್ರದಲ್ಲಿ ಹಳೆಯ ಕೊಳವೆ ಬರೀ ಮಂಕು ಗಾಜು. ಪಕ್ಕದ ಗೋಡೆಯನ್ನೇ ನಕಲು ಮಾಡಿ ಅದನ್ನು ಮುಚ್ಚುವುದು ಸುಲಭ. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ Clone ಎಂಬ ಉಪಕರಣ ಇದಕ್ಕೆ ಸಾಕು. ಹೀಗೆ ಸಿಕ್ಕಿದ ಖಾಲಿ ಗೋಡೆಯೇ ತಳಪಾಯ.

ಫಲಕದಿಂದ ದೂರದಲ್ಲಿ ಬಿದ್ದ ಬೆಳಕನ್ನು ಉರಿಯುವ ಚಿತ್ರದಿಂದ ಹಾಗೆಯೇ ಉಳಿಸಿಕೊಳ್ಳಬಹುದು. ಅಷ್ಟು ದೂರದಲ್ಲಿ ಅಕ್ಷರದ ಆಕಾರ ಕರಗಿ ಬರೀ ಕೆಂಪು ಮಾತ್ರ ಉಳಿದಿರುತ್ತದೆ. ನಮ್ಮ ಚಿತ್ರದಲ್ಲಿ ಸುಮಾರು ಎರಡು ಅಕ್ಷರದ ಎತ್ತರ ದಾಟಿದ ಮೇಲೆ ಹಾಗಾಗಿತ್ತು. ಅದರೊಳಗಿನದನ್ನೆಲ್ಲ ಹೊಸದಾಗಿ ಕಟ್ಟಬೇಕು.

ಹೊಸ ಅಕ್ಷರವನ್ನು ಅಚ್ಚಿನ ಅಕ್ಷರದಂತೆ ದಪ್ಪ ತೆಳುವಾಗಿ ಬರೆಯಬಾರದು; ಕೊಳವೆಯ ದಪ್ಪ ಎಲ್ಲೆಡೆ ಒಂದೇ. ನಮ್ಮ ಚಿತ್ರದಲ್ಲಿ ಅಕ್ಷರ 300 ಚುಕ್ಕಿ ಎತ್ತರ, ಗೆರೆ 18 ಚುಕ್ಕಿ ದಪ್ಪ. (ಕನ್ನಡ, ತೆಲುಗು ಎರಡೂ ಗುಂಡಗಿನ ಲಿಪಿಗಳು, ಕೊಳವೆ ಬಾಗಿಸುವವರಿಗೆ ಹೇಳಿ ಮಾಡಿಸಿದಂತಿವೆ.) ಗೆರೆಯನ್ನು ಬಿಳಿಯಲ್ಲಿ ಎಳೆದು, ಅದರ ಪ್ರತಿಗಳಿಗೆ ಹಳೆಯ ಪ್ರಭೆಯಿಂದಲೇ ಆರಿಸಿಕೊಂಡ ಕೆಂಪು ಬಳಿದು, Gaussian Blur ಮೂಲಕ ಒಂದನ್ನು 10, ಇನ್ನೊಂದನ್ನು 40 ಚುಕ್ಕಿಯಷ್ಟು ಮಸುಕಾಗಿಸಿ Addition ವಿಧದಲ್ಲಿ ಸೇರಿಸಿದೆವು. ಇದು ಮಸೂರದ ಪ್ರಭೆ. 120 ಚುಕ್ಕಿ ಮಸುಕಾಗಿಸಿದ ಮೂರನೆಯ ಪ್ರತಿಯನ್ನು ಮಾತ್ರ ನೇರವಾಗಿ ಸೇರಿಸಲಿಲ್ಲ. ಮೊದಲು ಖಾಲಿ ಗೋಡೆಯ, ಬೆಳಕು ಹೆಚ್ಚಿಸಿದ ಒಂದು ಪ್ರತಿಯೊಡನೆ Multiply ಮಾಡಿ ಆಮೇಲೆ ಕೂಡಿಸಿದೆವು. ಆಗ ಗೋಡೆಯ ಬಿರುಕು, ಕಲೆಗಳು ಕೆಂಪಿನೊಳಗೂ ಉಳಿಯುತ್ತವೆ.

ಇಲ್ಲಿ ಲೆಕ್ಕದ ಒಂದು ತೊಡಕಿದೆ. ಚಿತ್ರದ ಕಡತದಲ್ಲಿ 255 ಎಂದರೆ ಪೂರ್ಣ ಬೆಳಕು. ಆದರೆ 128 ಎಂದರೆ ಅರ್ಧವಲ್ಲ, ಸುಮಾರು ಐದರಲ್ಲಿ ಒಂದು ಪಾಲು. ಆ ಅಂಕಿಗಳನ್ನೇ ಕೂಡಿದರೆ ಪ್ರಭೆ ಬೇಗನೆ ಬಿಳಿಚಿ ಬೂದಿ ಎರಚಿದಂತಾಗುತ್ತದೆ. ಗಿಂಪಿನ Precision ಪಟ್ಟಿಯಲ್ಲಿ Linear light ಆರಿಸಿಕೊಂಡರೆ ನಿಜವಾದ ಬೆಳಕಿನ ಲೆಕ್ಕದಲ್ಲಿ ಕೂಡಿಸಬಹುದು.

ಕೆಲಸ ಮುಗಿದ ಮೇಲೆ ಕತ್ತಲ ಭಾಗಗಳನ್ನು ತಾತ್ಕಾಲಿಕವಾಗಿ ಬಹಳ ಬೆಳಗಿಸಿ ನೋಡಬೇಕು. ಹಳೆಯ ಅಕ್ಷರದ ನೆರಳು ಎಲ್ಲಿ ಉಳಿದಿದ್ದರೂ ಆಗ ಹೊರಬೀಳುತ್ತದೆ. ನಮಗೆ ಅದು ಸಿಕ್ಕಿದ್ದು ಗೋಡೆಯಲ್ಲಲ್ಲ, ಮುಂದೆ ನಿಂತಿದ್ದ ಸ್ಕೂಟರಿನ ಕನ್ನಡಿಯಲ್ಲಿ.

ಚಿತ್ರ ಸಿದ್ಧವಾದಾಗ ಅಂಗಡಿಯವರು ಅದನ್ನು ಕೈಯಳತೆಯ ದೂರದಲ್ಲಿ ಹಿಡಿದು ನೋಡಿ, “ಕೊನೆಯ ಅಕ್ಷರ ಏನು ಸ್ವಾಮಿ?” ಎಂದರು. ‘ರ್ಗ’ದ ಅರ್ಕಾವೊತ್ತಿನ ಪುಟ್ಟ ಸುಳಿಯೊಳಗೆಲ್ಲ ಬೆಳಕು ತುಂಬಿ ಅದೊಂದು ಕೆಂಪು ಉಂಡೆಯಾಗಿತ್ತು. ಪ್ರಭೆಯಿಲ್ಲದ ನಕ್ಷೆಯಲ್ಲಿ ಇದು ಕಂಡಿರಲಿಲ್ಲ. ಸುಳಿಯನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿ, ‘ಗ’ದಿಂದ ಎರಡು ಕೊಳವೆಯ ದಪ್ಪದಷ್ಟು ದೂರ ಸರಿಸಿದ ಮೇಲೆ ಹೆಸರು ಓದಲು ಬಂತು. ಕೊಳವೆ ಬಾಗಿಸುವವರಿಗೆ ಆ ಎರಡನೆಯ ನಕ್ಷೆಯೇ ಹೋಯಿತು.