ಒಂದೇ ಚಿನ್ನ, ಎರಡು ಬಿಲ್ಲು

ಚಿನ್ನದ ಅಂಗಡಿಯ ಬೋರ್ಡಿನಲ್ಲಿ ಬೆಳಿಗ್ಗೆ ಬರೆಯುವ ದರದ ಬೇರು ನಮ್ಮೂರಿನಲ್ಲಿಲ್ಲ. ಲಂಡನ್, ನ್ಯೂಯಾರ್ಕ್ ಪೇಟೆಗಳಲ್ಲಿ ಔನ್ಸ್‌ಗೆ, ಅಂದರೆ ಸುಮಾರು 31.1 ಗ್ರಾಂಗೆ, ಡಾಲರಿನಲ್ಲಿ ಬೆಲೆ ಕಟ್ಟುತ್ತಾರೆ. ಅಲ್ಲಿ ಬೆಲೆ ಅಲುಗಾಡದಿದ್ದರೂ ಡಾಲರಿನ ಎದುರು ರೂಪಾಯಿ ಕುಸಿದರೆ ಇಲ್ಲಿ ಚಿನ್ನ ತುಟ್ಟಿಯಾಗುತ್ತದೆ, ಏಕೆಂದರೆ ನಾವು ಬಳಸುವ ಚಿನ್ನದಲ್ಲಿ ಬಹುಪಾಲು ಹೊರಗಿನಿಂದಲೇ ಬರಬೇಕು.

ಹಾಗೆ ಬರುವಾಗ ಆಮದು ಸುಂಕ ಸೇರುತ್ತದೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಅದನ್ನು ಶೇ. 15ರಿಂದ 6ಕ್ಕೆ ಇಳಿಸಿದರು. ಒಂದು ಲಕ್ಷ ರೂಪಾಯಿಯ ಚಿನ್ನಕ್ಕೆ 15,000 ಇದ್ದ ಸುಂಕ 6,000ಕ್ಕೆ ಇಳಿಯಿತು. ಅಂಗಡಿ ದರವೂ ಕೂಡಲೇ ತಗ್ಗಿತು. ಹಳೆಯ ಸುಂಕ ಕಟ್ಟಿ ದಾಸ್ತಾನು ಇಟ್ಟಿದ್ದ ವ್ಯಾಪಾರಿಗಳಿಗೆ ಮಾತ್ರ ಆ ವಾರ ಹೊಟ್ಟೆ ಉರಿದಿರಬೇಕು. ಸುಂಕ ಹೆಚ್ಚಿದ್ದಷ್ಟೂ ಕಳ್ಳಸಾಗಣೆಗೆ ಲಾಭ ಹೆಚ್ಚು ಎಂಬುದೂ ಈ ಕಡಿತದ ಹಿಂದಿನ ಲೆಕ್ಕ.

ಹಾಗಾದರೆ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಬಿಲ್ಲು ಬೇರೆಯೇಕೆ? ಬೋರ್ಡಿನ ದರ ಸಾಮಾನ್ಯವಾಗಿ ಹತ್ತಿಪ್ಪತ್ತು ರೂಪಾಯಿ ಆಚೀಚೆ, ಅಷ್ಟೇ. ನಿಜವಾದ ವ್ಯತ್ಯಾಸ ಇರುವುದು ಮಜೂರಿ ಮತ್ತು ವೇಸ್ಟೇಜಿನಲ್ಲಿ. 22 ಕ್ಯಾರೆಟ್‌ನ 10 ಗ್ರಾಂ ಸರಕ್ಕೆ ಗ್ರಾಂಗೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಚಿನ್ನಕ್ಕೆ 90,000. ಒಬ್ಬರು ಇವೆರಡನ್ನೂ ಸೇರಿಸಿ ಶೇ. 8 ಹಾಕಿದರೆ 7,200, ಇನ್ನೊಬ್ಬರು ಶೇ. 14 ಹಾಕಿದರೆ 12,600. ಮೊತ್ತದ ಮೇಲೆ ಶೇ. 3 ಜಿಎಸ್‌ಟಿ ಸೇರಿ ಮೊದಲ ಬಿಲ್ಲು 1,00,116, ಎರಡನೆಯದು 1,05,678. ಹರಳಿನ ಆಭರಣವಾದರೆ ಹರಳಿನ ತೂಕವನ್ನು ಕಳೆದು ಲೆಕ್ಕ ಹಾಕಿದ್ದಾರೆಯೇ ಎಂದೂ ನೋಡಬೇಕು. ಇಲ್ಲವಾದರೆ ಕಲ್ಲಿಗೂ ಚಿನ್ನದ ದರ ತೆತ್ತಂತೆ.